ಫಾರ್ಮ್ 16ರ ಲೆಕ್ಕ: ನಂಬಿದ್ದೇನು, ಇರುವುದೇನು

ಜೂನ್ 15ರೊಳಗೆ ಸಂಬಳದಾರರ ಕೈಗೆ ಫಾರ್ಮ್ 16 ಬರುತ್ತದೆ. ಮರುದಿನದಿಂದಲೇ ಸಂಸ್ಥೆಯ ಪೇರೋಲ್ ವಿಭಾಗಕ್ಕೆ ಪ್ರಶ್ನೆಗಳು ಶುರು. ಹತ್ತರಲ್ಲಿ ಒಂಬತ್ತು ಪ್ರಶ್ನೆಗಳಿಗೆ ಉತ್ತರ ಆ ಕಾಗದದಲ್ಲೇ ಇರುತ್ತದೆ. ಆದರೆ ಪುಟಗಟ್ಟಲೆ ಸಾಲುಗಳ ನಡುವೆ ಅದು ಕಾಣುವುದಿಲ್ಲ. ಉತ್ತರಿಸುವವರು ಮೊದಲು ಅದನ್ನು ಮೂರು ಮೊತ್ತಗಳಿಗೆ ಇಳಿಸಬೇಕು: ಆದಾಯ ಎಷ್ಟು, ವಿನಾಯಿತಿ ಮತ್ತು ಕಡಿತ ಎಷ್ಟು, ಹಿಡಿದ ತೆರಿಗೆ ಎಷ್ಟು. ಬರುವ ದೂರುಗಳಲ್ಲಿ ಹೆಚ್ಚಿನವು ಈ ಮೂರನ್ನು ಒಂದಕ್ಕೊಂದು ಬೆರೆಸಿಕೊಂಡದ್ದರಿಂದಲೇ ಹುಟ್ಟಿದವು.

ಬೆಂಗಳೂರಿನ ಒಬ್ಬ ನೌಕರರ 2024-25ನೇ ಆರ್ಥಿಕ ವರ್ಷದ ಲೆಕ್ಕವನ್ನು ಉದಾಹರಣೆಗೆ ಕಟ್ಟಿಕೊಳ್ಳೋಣ. ಇವರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿದ್ದಾರೆ.

ನಂಬಿಕೆ: "ನನ್ನ ಸಿಟಿಸಿ 12 ಲಕ್ಷ. ಫಾರ್ಮ್‌ನಲ್ಲಿ 11 ಲಕ್ಷ ಅಂತಿದೆ, ಬ್ಯಾಂಕಿಗೆ ಬಂದಿದ್ದು ಅದಕ್ಕಿಂತಲೂ ಕಡಿಮೆ. ಎಲ್ಲೋ ತಪ್ಪಾಗಿದೆ ಮೇಡಂ."

ತಪ್ಪಾಗಿಲ್ಲ. ಮೂರೂ ಬೇರೆ ಬೇರೆ ಮೊತ್ತಗಳು. ಇವರ ಮೂಲ ವೇತನ ತಿಂಗಳಿಗೆ 50,000. ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ, 20,000. ವಿಶೇಷ ಭತ್ಯೆಯನ್ನೂ ಸೇರಿಸಿದರೆ ವರ್ಷದ ಸಂಬಳ 11,00,000 ಆಗುತ್ತದೆ. ಫಾರ್ಮ್ 16ರ ಭಾಗ ಬಿಯಲ್ಲಿ ಸೆಕ್ಷನ್ 17(1)ರ ಎದುರು ಬರುವುದು ಇದೇ ಮೊತ್ತ. ಸಿಟಿಸಿಯಲ್ಲಿ ಇದರ ಮೇಲೆ ಸಂಸ್ಥೆಯ ಪಾಲಿನ ಪಿಎಫ್ 72,000 ಮತ್ತು ಗ್ರಾಚ್ಯುಟಿಗೆಂದು ಎತ್ತಿಟ್ಟ 28,860 ಸೇರಿವೆ. ಹಾಗಾಗಿ ಅಲ್ಲಿ 12 ಲಕ್ಷದ ಚಿಲ್ಲರೆ ಕಾಣುತ್ತದೆ. ಗ್ರಾಚ್ಯುಟಿ ಇನ್ನೂ ಅವರ ಕೈಗೆ ಬಂದಿಲ್ಲ. ಸಂಸ್ಥೆಯ ಪಿಎಫ್ ಪಾಲು ಈ ಮಟ್ಟದಲ್ಲಿ ಆ ವರ್ಷದ ತೆರಿಗೆಗೆ ಸೇರುವುದಿಲ್ಲ. ಇನ್ನು ಬ್ಯಾಂಕಿಗೆ ಬಂದದ್ದು 9,62,347. ಇದು 11 ಲಕ್ಷದಲ್ಲಿ ನೌಕರರ ಪಾಲಿನ ಪಿಎಫ್ 72,000, ವೃತ್ತಿ ತೆರಿಗೆ 2,400 ಮತ್ತು ಟಿಡಿಎಸ್ 63,253 ಕಳೆದ ಮೇಲೆ ಉಳಿದ ಹಣ. ತೆರಿಗೆಯ ಲೆಕ್ಕ ಶುರುವಾಗುವುದು ನಡುವಿನ ಮೊತ್ತದಿಂದ, ಅಂದರೆ 11 ಲಕ್ಷದಿಂದ. ಹೀಗೆ ಸಾಲು ಹಿಡಿದು ಕೂಡಿ ಕಳೆದು ತೋರಿಸಿದರೆ ಈ ಅನುಮಾನ ಅಲ್ಲಿಗೇ ಮುಗಿಯುತ್ತದೆ. "ಸಿಟಿಸಿ ಬೇರೆ, ಸಂಬಳ ಬೇರೆ" ಎಂದಷ್ಟೇ ಬರೆದು ಕಳಿಸಿದರೆ ಪ್ರಶ್ನೆ ಮತ್ತೆ ಬರುತ್ತದೆ.

ನಂಬಿಕೆ: "ಎಚ್‌ಆರ್‌ಎ ಅಂತ ಕೊಟ್ಟಿದ್ದಕ್ಕೆಲ್ಲ ತೆರಿಗೆ ಇಲ್ಲ."

ಇವರಿಗೆ ವರ್ಷಕ್ಕೆ 2,40,000 ಎಚ್‌ಆರ್‌ಎ ಸಿಕ್ಕಿದೆ. ಫಾರ್ಮ್‌ನಲ್ಲಿ ವಿನಾಯಿತಿ ಕೊಟ್ಟಿರುವುದು 1,56,000ಕ್ಕೆ ಮಾತ್ರ. ಆ ವರ್ಷದ ನಿಯಮದ ಪ್ರಕಾರ ಮೂರು ಮೊತ್ತಗಳನ್ನು ಲೆಕ್ಕ ಹಾಕಿ ಅವುಗಳಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. ಮೊದಲನೆಯದು ಸಿಕ್ಕ ಎಚ್‌ಆರ್‌ಎ. ಎರಡನೆಯದು ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಹತ್ತನೇ ಒಂದು ಭಾಗ ಕಳೆದು ಉಳಿದದ್ದು. ಮೂರನೆಯದು ಮೂಲ ವೇತನದ ಶೇ. 40, ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಲ್ಲಾದರೆ ಶೇ. 50. ಇವರು ತಿಂಗಳಿಗೆ 18,000ದಂತೆ ವರ್ಷಕ್ಕೆ 2,16,000 ಬಾಡಿಗೆ ಕೊಟ್ಟಿದ್ದಾರೆ. ಅದರಲ್ಲಿ 60,000 ಕಳೆದರೆ 1,56,000. ಕಡಿಮೆಯದು ಇದೇ.

"ಬೆಂಗಳೂರೂ ಮೆಟ್ರೋ ಅಲ್ವಾ, ಶೇ. 50 ಹಾಕಿ" ಎಂಬ ವಾದ ಪ್ರತಿ ವರ್ಷ ಕೇಳಿಬರುತ್ತದೆ. ಆ ವರ್ಷದ ನಿಯಮದಲ್ಲಿ ಬೆಂಗಳೂರು ಆ ನಾಲ್ಕರ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದ್ದಿದ್ದರೂ ಇವರಿಗೆ ಒಂದು ರೂಪಾಯಿಯೂ ಹೆಚ್ಚು ಸಿಗುತ್ತಿರಲಿಲ್ಲ. ಇಲ್ಲಿ ಕೈ ಕಟ್ಟಿದ್ದು ಊರಲ್ಲ, ಬಾಡಿಗೆ. ಉತ್ತರ ಬರೆಯುವಾಗ ಈ ಮಾತು ಹೇಳಲೇಬೇಕು. ಇಲ್ಲದಿದ್ದರೆ ಸಂಸ್ಥೆಯೇ ತಮ್ಮ ಹಣ ತಪ್ಪಿಸಿತು ಎಂಬ ಬೇಸರ ನೌಕರರಲ್ಲಿ ಉಳಿದುಬಿಡುತ್ತದೆ.

ಜನವರಿಯಿಂದ ಸಂಬಳ ಏಕಾಏಕಿ ಇಳಿದದ್ದಕ್ಕೂ ಇದೇ ಬಾಡಿಗೆ ಕಾರಣ. ಏಪ್ರಿಲ್‌ನಲ್ಲಿ ಇವರು ತಿಂಗಳ ಬಾಡಿಗೆ 25,000 ಎಂದು ಘೋಷಿಸಿದ್ದರು. ಹಾಗಾಗಿ ಡಿಸೆಂಬರ್‌ವರೆಗೆ ತಿಂಗಳಿಗೆ ಸುಮಾರು 3,800 ಟಿಡಿಎಸ್ ಹಿಡಿದರೆ ಸಾಕಾಗಿತ್ತು. ಪುರಾವೆ ಕೇಳಿದಾಗ ಬಂದ ರಸೀದಿಗಳು 18,000ದವು. ಅಷ್ಟೂ ಕೊರತೆಯನ್ನು ಕೊನೆಯ ಮೂರು ತಿಂಗಳಲ್ಲೇ ತುಂಬಬೇಕಾಯಿತು. ಹಿಡಿತ ತಿಂಗಳಿಗೆ ಸುಮಾರು 9,600ಕ್ಕೆ ಏರಿತು.

ನಂಬಿಕೆ: "1,62,000 ಉಳಿತಾಯ ತೋರಿಸಿದ್ದೇನೆ, ತೆರಿಗೆಯಲ್ಲಿ ಅಷ್ಟೂ ಕಳೆಯಬೇಕು."

ಪಿಎಫ್ 72,000, ಮಕ್ಕಳ ಶಾಲಾ ಶುಲ್ಕ 50,000, ಎಲ್‌ಐಸಿ ಕಂತು 40,000 ಸೇರಿ ಅಷ್ಟಾಗುತ್ತದೆ. ಆದರೆ 80ಸಿಯ ಮಿತಿ 1,50,000. ಫಾರ್ಮ್‌ನಲ್ಲಿ ತೋರಿಸಿದ ಮೊತ್ತಕ್ಕೊಂದು ಕಲಂ, ಒಪ್ಪಿದ ಮೊತ್ತಕ್ಕೊಂದು ಕಲಂ ಇರುವುದು ಇದಕ್ಕೇ. ಒಪ್ಪಿದ ಮೊತ್ತವೂ ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ. ಇವರ ಲೆಕ್ಕದಲ್ಲಿ ಒಂದೂವರೆ ಲಕ್ಷದಿಂದ ಉಳಿದ ತೆರಿಗೆ ಸೆಸ್ ಸೇರಿ 31,200. ನೌಕರರಿಗೆ ಕಳಿಸುವ ಸಾರಾಂಶದಲ್ಲಿ ಇಡೀ ಲೆಕ್ಕ ಹೀಗೆ ನಿಲ್ಲುತ್ತದೆ:

ಆದಾಯ: 11,00,000.
ವಿನಾಯಿತಿ, ಕಡಿತ: ಎಚ್‌ಆರ್‌ಎ 1,56,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, 80ಸಿ 1,50,000. ಉಳಿದ ತೆರಿಗೆಯ ಆದಾಯ 7,41,600.
ತೆರಿಗೆ: ಸೆಸ್ ಸೇರಿ 63,253. ಹಿಡಿದದ್ದೂ ಅಷ್ಟೇ.

ಪುರಾವೆಯ ಗಡುವು ತಪ್ಪಿದವರು ವಿನಾಯಿತಿ ಕಳೆದುಹೋಯಿತೆಂದು ಕೊರಗುವುದುಂಟು. ಸಂಸ್ಥೆಯ ಗಡುವು ಟಿಡಿಎಸ್‌ಗೆ ಮಾತ್ರ. ನಿಜವಾಗಿ ಕೊಟ್ಟ ಬಾಡಿಗೆಯನ್ನೂ ಕಟ್ಟಿದ ಕಂತನ್ನೂ ರಿಟರ್ನ್‌ನಲ್ಲಿ ತೋರಿಸಿ ರಿಫಂಡ್ ಪಡೆಯಬಹುದು. ದಾಖಲೆ ಕೈಯಲ್ಲಿರಬೇಕು, ಅಷ್ಟೇ.

ನಂಬಿಕೆ: "ಪೇಸ್ಲಿಪ್‌ನಲ್ಲಿ ಹಿಡಿದಿದ್ದಾರೆ, ಅಂದಮೇಲೆ ಸರ್ಕಾರಕ್ಕೆ ಹೋಗಿದೆ."

ಇದನ್ನು ಮಾತ್ರ ಯಾರೂ ಹಾಗೇ ನಂಬಿ ಕೂರಬಾರದು. ಭಾಗ ಬಿ ಸಂಸ್ಥೆ ಹಾಕಿದ ಲೆಕ್ಕ. ಭಾಗ ಎ ಹಾಗಲ್ಲ. ಸಂಸ್ಥೆ ಮೂರು ತಿಂಗಳಿಗೊಮ್ಮೆ ಸಲ್ಲಿಸಿದ 24ಕ್ಯೂ ವಿವರಪಟ್ಟಿಯ ಆಧಾರದ ಮೇಲೆ ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಅದು ಇಳಿದು ಬರುತ್ತದೆ. ಅದರಲ್ಲಿ ನಾಲ್ಕು ತ್ರೈಮಾಸಿಕಗಳ ಎದುರು ಹಿಡಿದ ತೆರಿಗೆ, ಜಮೆಯಾದ ತೆರಿಗೆ ಎಂದು ಬೇರೆ ಬೇರೆ ಇರುತ್ತದೆ. ಇವರ ಭಾಗ ಎಯಲ್ಲಿ ಮೂರನೇ ತ್ರೈಮಾಸಿಕ ಖಾಲಿ ಇದ್ದರೆ ಮೊತ್ತ 51,808ಕ್ಕೆ ನಿಲ್ಲುತ್ತದೆ, ಭಾಗ ಬಿಯ 63,253ಕ್ಕೆ ಹೊಂದುವುದಿಲ್ಲ. ನೌಕರರ 26ಎಎಸ್ ತೆರೆದರೆ ಅಲ್ಲೂ ಅದೇ ಕೊರತೆ ಕಾಣುತ್ತದೆ. ಎಷ್ಟೋ ಸಲ ಕಾರಣ ಸಣ್ಣದು: ಪ್ಯಾನ್‌ನ ಒಂದು ಅಕ್ಷರ ತಪ್ಪಿರುತ್ತದೆ, ಇಲ್ಲವೇ ಚಲನ್‌ನ ವಿವರ ಹೊಂದಿರುವುದಿಲ್ಲ. ಸಂಸ್ಥೆ ತಿದ್ದುಪಡಿ ವಿವರಪಟ್ಟಿ ಸಲ್ಲಿಸಿ, ಫಾರ್ಮ್ 16 ಅನ್ನು ಹೊಸದಾಗಿ ಇಳಿಸಿಕೊಡಬೇಕು. ಪೇಸ್ಲಿಪ್ ನೋಡಿಕೊಂಡು "ಕಟ್ಟಿದ್ದೇವೆ ಸರ್" ಎಂದು ಉತ್ತರಿಸುವುದು ಪೇರೋಲ್‌ನವರು ಮಾಡಬಾರದ ಕೆಲಸ. ಸಂಸ್ಥೆ ತೆರಿಗೆ ಹಿಡಿದು ಕಟ್ಟದೇ ಉಳಿಸಿಕೊಂಡಿದ್ದರೆ, ಆ ಹಣವನ್ನು ನೌಕರರಿಂದ ಮತ್ತೆ ವಸೂಲಿ ಮಾಡುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಆಗ ಪೇಸ್ಲಿಪ್ಪೇ ಆಧಾರ. ಅದನ್ನು ಜೋಪಾನ ಮಾಡಬೇಕು.

ನಂಬಿಕೆ: "ಫಾರ್ಮ್ 16ರಲ್ಲಿ ಹಳೆ ಪದ್ಧತಿ ಇದೆ, ಇನ್ನು ಬದಲಾಗದು."

ಇದೇ ಸಂಬಳವನ್ನು ಆ ವರ್ಷದ ಹೊಸ ಪದ್ಧತಿಯಲ್ಲಿ ಹಾಕಿ ನೋಡಿದರೆ ಕಳೆಯುವುದು 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ. ಎಚ್‌ಆರ್‌ಎ ಇಲ್ಲ, 80ಸಿ ಇಲ್ಲ. ಆದರೂ ತೆರಿಗೆ ಸೆಸ್ ಸೇರಿ 55,900ಕ್ಕೆ ಇಳಿಯುತ್ತದೆ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಇವರಿಗೆ ಸುಮಾರು 7,350 ವಾಪಸು ಬರುತ್ತದೆ. ಅದಕ್ಕಾಗಿ ಸಂಸ್ಥೆ ಫಾರ್ಮ್ ತಿದ್ದಬೇಕಿಲ್ಲ, ತಿದ್ದಲೂ ಬಾರದು; ಹಿಡಿದ ತೆರಿಗೆಯ ಸಾಲು ಹಾಗೇ ಇರುತ್ತದೆ, ಮೇಲಿನ ಲೆಕ್ಕ ಮಾತ್ರ ರಿಟರ್ನ್‌ನಲ್ಲಿ ಬೇರೆಯಾಗುತ್ತದೆ. ಹಳೆಯದನ್ನೇ ಬಯಸುವವರು ಮಾತ್ರ ಗಡುವಿನೊಳಗೆ ಸಲ್ಲಿಸಬೇಕು. ತಡವಾದ ರಿಟರ್ನ್‌ಗೆ ಹೊಸ ಪದ್ಧತಿಯೊಂದೇ ದಾರಿ.