ನಿಮಗಿದು ಗೊತ್ತೆ? ರಾತ್ರಿ ಕೈ ಜೋಮು ಹಿಡಿದರೆ ಕಿರುಬೆರಳು ನೋಡಿ

ಹುಣಸೂರು ತಾಲ್ಲೂಕಿನ ಗಾವಡಗೆರೆ ಸುತ್ತಮುತ್ತ ಹೊಗೆಸೊಪ್ಪಿನ ಕಾಲದಲ್ಲಿ ದಿನವಿಡೀ ಎಲೆಯನ್ನು ಕಡ್ಡಿಗೆ ಕಟ್ಟಿದ ಕೈ ನಡುರಾತ್ರಿ ಜೋಮು ಹಿಡಿದು ಎಬ್ಬಿಸಬಹುದು. ಕೊಡವಿದರೆ ಹಗುರವಾಗುತ್ತದೆ. ಆಗ ಕಿರುಬೆರಳನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ, ಕಿರುಬೆರಳು ಮಾತ್ರ ಸರಿಯಿದ್ದರೆ ಕಾರ್ಪಲ್ ಟನಲ್ ತೊಂದರೆಯ ಅನುಮಾನ ಬಲವಾಗುತ್ತದೆ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಅದುಮಿಕೊಳ್ಳುವ ಮೀಡಿಯನ್ ನರ ಕಿರುಬೆರಳಿಗೆ ಹೋಗುವುದೇ ಇಲ್ಲ.

ರಾತ್ರಿಯೇ ಏಕೆ? ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಿಚಿ ಮಲಗುತ್ತೇವೆ. ಒಳಕ್ಕೆ ಮಡಿಚಿದರೂ ಹಿಂದಕ್ಕೆ ಬಾಗಿಸಿದರೂ ನರದ ಮೇಲೆ ಒತ್ತಡ ಏರುತ್ತದೆ. ಸ್ಪ್ಲಿಂಟ್ ಕಟ್ಟುವುದು ಇದನ್ನು ತಡೆಯಲು. ಮುಂಗೈ, ಅಂಗೈ ಒಂದೇ ನೇರದಲ್ಲಿರಬೇಕು, ಬೆರಳುಗಳನ್ನು ಸಲೀಸಾಗಿ ಮಡಿಚುವಂತಿರಬೇಕು. ಅಂಗಡಿಯಲ್ಲಿ ಸಿಗುವ ಕೆಲವು ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಕೈಯನ್ನು ಹಿಂದಕ್ಕೆ ಬಗ್ಗಿಸುತ್ತದೆ. ಅದನ್ನು ನೇರ ಮಾಡಿಸಿಕೊಳ್ಳಿ. ತೀರಾ ಬಿಗಿದರೆ ಜೋಮು ಹೆಚ್ಚುತ್ತದೆ. ಒಂದೆರಡು ರಾತ್ರಿಗೆ ಬಿಡಬೇಡಿ, ಸುಮಾರು 6 ವಾರ ಪ್ರತಿ ರಾತ್ರಿ ಕಟ್ಟಿ ನೋಡಿ.

ಆದರೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಸಹ ಇದಕ್ಕೆ ಕಾರಣವಿರಬಹುದು. ಹಗಲಲ್ಲೂ ಜೋಮು ಬಿಡದಿದ್ದರೆ, ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡದ ಉಬ್ಬು ಬತ್ತುತ್ತಿದ್ದರೆ 6 ವಾರ ಕಾಯಲೇಬೇಡಿ. ಇದ್ದಕ್ಕಿದ್ದಂತೆ ಕೈ ಸೋತರೆ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.