ವರಮಹಾಲಕ್ಷ್ಮಿಗೆ ಜ್ವರ, ದೀಪಾವಳಿಗೆ ಕೂದಲು

ನರಕ ಚತುರ್ದಶಿಯ ಎಣ್ಣೆ ಸ್ನಾನ ಮುಗಿಸಿ ಬಂದ ಅಕ್ಕನ ಮಗಳು, ಬಚ್ಚಲ ಜಾಲರಿಯಿಂದ ತೆಗೆದ ಕೂದಲಿನ ಉಂಡೆಯನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ನೋಡು ಚಿಕ್ಕಮ್ಮ, ಹೊಸ ಮನೆಯ ಬೋರ್‌ವೆಲ್ ನೀರು ಮಾಡಿದ ಕೆಲಸ ಇದು." ವರಮಹಾಲಕ್ಷ್ಮಿ ಹಬ್ಬದ ದಿನ ಎಲ್ಲಿದ್ದೆ ಅಂತ ಕೇಳಿದೆ. ಡೆಂಗಿ ಜ್ವರದಲ್ಲಿ ಆಸ್ಪತ್ರೆಯ ಹಾಸಿಗೆ ಮೇಲಿದ್ದಳು. ಕಾರಣ ನೀರಿನಲ್ಲಿರಲಿಲ್ಲ, ಕ್ಯಾಲೆಂಡರಿನಲ್ಲಿತ್ತು.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದೂ ಕೆಲವು ವರ್ಷ ಬೆಳೆದು, ಆಮೇಲೆ 2-3 ತಿಂಗಳು ಸುಮ್ಮನೆ ಬುಡದಲ್ಲಿ ಕೂತಿದ್ದು ಉದುರುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಹತ್ತರಷ್ಟು ಈ ವಿಶ್ರಾಂತಿಯಲ್ಲಿರುತ್ತವೆ ಅಂದುಕೊಳ್ಳಿ. ಅಂದರೆ 10,000 ಕೂದಲು. ಅವು ನೂರು ದಿನಗಳಲ್ಲಿ ಹಂಚಿಕೊಂಡು ಬಿದ್ದರೆ ದಿನಕ್ಕೆ ನೂರು. ಇದು ಎಲ್ಲರ ಬಾಚಣಿಗೆಯ ಮಾಮೂಲಿ ಲೆಕ್ಕ.

ಜೋರು ಜ್ವರ ಬಂದಾಗ ದೇಹ ಅನಗತ್ಯ ಖರ್ಚನ್ನು ಕಡಿಮೆ ಮಾಡುತ್ತದೆ. ಬೆಳೆಯುತ್ತಿದ್ದ ಕೂದಲಲ್ಲಿ ಒಂದು ಪಾಲು ಅವಧಿಗೆ ಮೊದಲೇ ವಿಶ್ರಾಂತಿಗೆ ಹೋಗುತ್ತದೆ. ಹತ್ತರ ಜಾಗದಲ್ಲಿ ಮೂವತ್ತು ಅಂತ ಇಟ್ಟುಕೊಂಡರೆ ದಿನಕ್ಕೆ 300 ಕೂದಲು ಬೀಳುತ್ತವೆ. ಆದರೆ ಜ್ವರದ ದಿನ ಅಲ್ಲ, ಎರಡು ಮೂರು ತಿಂಗಳ ನಂತರ. ಹೀಗೆ ಉದುರಿದ ಕೂದಲಿನ ತುದಿಯಲ್ಲಿ ಗಸಗಸೆಯಷ್ಟು ಚಿಕ್ಕ ಬಿಳಿ ಗಂಟು ಕಾಣುತ್ತದೆ. ಬೇರೇ ಕಿತ್ತು ಬಂತು ಎಂದು ಹೆದರುವುದು ಇದನ್ನು ನೋಡಿಯೇ. ಅದು ಬೇರಲ್ಲ. ಹೊಸ ಕೂದಲು ಹುಟ್ಟುವ ಭಾಗ ಚರ್ಮದೊಳಗೇ ಉಳಿದಿರುತ್ತದೆ.

ಬಾಣಂತಿಯರದ್ದು ಇದೇ ಕಥೆ, ದಾರಿ ಮಾತ್ರ ಬೇರೆ. ಬಸುರಿನಲ್ಲಿ ಈಸ್ಟ್ರೋಜನ್ ಹಾರ್ಮೋನು ಏರಿ, ಉದುರಬೇಕಾದ ಕೂದಲನ್ನೂ ಹಿಡಿದಿಟ್ಟಿರುತ್ತದೆ. ಜಡೆ ದಪ್ಪಗಾಗುವುದು ಅದಕ್ಕೇ. ಹೆರಿಗೆಯಾದ ಮೇಲೆ ಅದು ಒಮ್ಮೆಲೇ ಇಳಿದು, ಬಾಕಿ ಉಳಿದದ್ದೆಲ್ಲ ಒಟ್ಟಿಗೆ ಹೊರಡುತ್ತದೆ. ಮಗು ತಾಯಿಯ ಗುರುತು ಹಿಡಿದು ನಗಲು ಶುರುಮಾಡಿದರೆ ಅವಳ ಕೂದಲು ಉದುರುತ್ತದೆ ಎಂದು ಹಿರಿಯರು ಹೇಳುವುದುಂಟು. ಕಾರಣ ತಪ್ಪು, ತಿಂಗಳ ಲೆಕ್ಕ ಮಾತ್ರ ಸರಿ. ಹಾಲು ಕುಡಿಸಿದ್ದರಿಂದ ಉದುರಿತು ಎನ್ನುವುದಕ್ಕೂ ಆಧಾರವಿಲ್ಲ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಎಲ್ಲ ಹಳೆಯ ಸ್ಥಿತಿಗೆ ಬಂದಿರುತ್ತದೆ.

ಇಷ್ಟು ಗೊತ್ತಾದರೆ ಈರುಳ್ಳಿ ರಸದ ಕೀರ್ತಿ ಎಲ್ಲಿಂದ ಬಂತೆಂದೂ ತಿಳಿಯುತ್ತದೆ. ದೀಪಾವಳಿಗೆ ಹಚ್ಚಲು ಶುರುಮಾಡಿದರೆ ಶಿವರಾತ್ರಿ ಹೊತ್ತಿಗೆ ಉದುರುವುದು ನಿಲ್ಲುತ್ತದೆ. ಹಚ್ಚದಿದ್ದರೂ ನಿಲ್ಲುತ್ತಿತ್ತು. ತಲೆ ಬೋಳಿಸಿದರೂ ಹೊಸ ಕೂದಲು ದಟ್ಟವಾಗಿ ಬರುವುದಿಲ್ಲ. ಎಣ್ಣೆಯಿಂದ ಕೂದಲು ನುಣುಪಾಗಿ ಸಿಕ್ಕು ಕಡಿಮೆಯಾದೀತು, ಅದರ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲು ವೈದ್ಯರಿಗೆ ಹೇಳಬೇಕು. ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿ ತೋರಿಸಬಹುದು.

ನಿಜಕ್ಕೂ ಉಪಯೋಗಕ್ಕೆ ಬರುವುದು ಊಟ. ಕೂದಲು ಬಹುಪಾಲು ಪ್ರೋಟೀನು. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಗಂಜಿಯಲ್ಲೇ ಇರುವವರು, ಪಥ್ಯದ ಹೆಸರಲ್ಲಿ ಬೇಳೆ, ಸೊಪ್ಪು ಬಿಟ್ಟ ಬಾಣಂತಿಯರು ಚೇತರಿಕೆಯನ್ನು ತಾವೇ ಮುಂದೂಡುತ್ತಾರೆ. ಮೊಟ್ಟೆಯೋ ಮೊಳಕೆ ಹೆಸರುಕಾಳೋ ಮೊಸರೋ, ದಿನವೂ ತಟ್ಟೆಯಲ್ಲಿರಲಿ. ಹೆರಿಗೆಯಲ್ಲಿ ರಕ್ತ ಹೋಗಿರುವುದರಿಂದ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿರುತ್ತಾರೆ. ಅದನ್ನು ಕಾಫಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಹೆರಿಗೆಯ ತೂಕ ಇಳಿಸಲು ಊಟ ಬಿಡುವುದಂತೂ ಬೇಡ. ಹಠಾತ್ತನೆ ತೂಕ ಇಳಿದರೆ ಮೂರು ತಿಂಗಳಿಗೆ ಇನ್ನೊಂದು ಸುತ್ತು ಉದುರುತ್ತದೆ.

ಅಕ್ಕನ ಮಗಳು ಹೆದರಿ ತಲೆಸ್ನಾನವನ್ನೇ ವಾರಕ್ಕೊಮ್ಮೆ ಮಾಡಿಕೊಂಡಿದ್ದಳು. ಅದರಿಂದ ಕೂದಲೇನೂ ಉಳಿಯಲಿಲ್ಲ. ಏಳು ದಿನದ್ದು ಒಂದೇ ದಿನ ಜಾಲರಿಗೆ ಬಂದು ಉಂಡೆ ದೊಡ್ಡದಾಯಿತು, ಅಷ್ಟೇ. ಒದ್ದೆ ಕೂದಲನ್ನು ಬಾಚಿ ಎಳೆಯದೆ, ಬಿಗಿಯಾಗಿ ಕಟ್ಟದೆ ಇದ್ದರೆ ಸಾಕು.

ಎಲ್ಲ ಉದುರುವಿಕೆಯೂ ಇದೇ ಅಲ್ಲ. ನಾಣ್ಯದಗಲ ಬೋಳಾದರೆ, ಬೈತಲೆ ಅಗಲವಾಗುತ್ತಾ ಹೋದರೆ, ನೆತ್ತಿಯಲ್ಲಿ ಉರಿ ಇದ್ದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮವೈದ್ಯರನ್ನು ಕಾಣಬೇಕು. ಅವರು ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು, ಮತ್ತು ಥೈರಾಯ್ಡ್ ನೋಡಿಸಬಹುದು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ.

ಯುಗಾದಿಗೆ ಬಂದಾಗ ಅವಳ ಹಣೆಯಂಚಿನಲ್ಲಿ ಬೆರಳಗಲದ ಮರಿಕೂದಲು ಎದ್ದು ನಿಂತಿದ್ದವು. ಎಣ್ಣೆ ಹಚ್ಚಿದರೂ ಕೂರುವುದಿಲ್ಲವೆಂದು ಅವಳ ಹೊಸ ದೂರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅವಳದು ಎರಡಡಿಯ ಜಡೆ. ಆ ಮರಿಗಳು ಅದರ ತುದಿ ಮುಟ್ಟಲು ಐದು ವರ್ಷ ಬೇಕು. ಅಲ್ಲಿಯವರೆಗೂ ಬುಡ ದಪ್ಪಗೆ, ತುದಿ ಸಣ್ಣಗೆ ಇರುತ್ತದೆ. ಕೇಳಿದವಳು ಮರುದಿನವೇ ಭುಜದವರೆಗೆ ಕತ್ತರಿಸಿಕೊಂಡು ಬಂದಳು.