ಪೆಗಾಸಸ್ ವರದಿ: ಕರ್ನಾಟಕದ ಮಟ್ಟಿಗೆ ಸಾಬೀತಾದದ್ದೆಷ್ಟು?

2021ರ ಜುಲೈನಲ್ಲಿ ಬಂದ ಪೆಗಾಸಸ್ ವರದಿ ನೆನಪಿದೆಯಾ? 2019ರಲ್ಲಿ ಮೈತ್ರಿ ಸರ್ಕಾರ ಉರುಳುವ ಹೊತ್ತಿಗೆ ಉಪಮುಖ್ಯಮಂತ್ರಿ ಪರಮೇಶ್ವರ್ ಫೋನು, ಕುಮಾರಸ್ವಾಮಿ, ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಫೋನುಗಳು ಗೂಢಚರ್ಯೆಗೆ ಗುರಿಯಾಗಿದ್ದಿರಬಹುದು ಅನ್ನೋದು ಅದರ ವಾದ.

ಆಧಾರ? ಸೋರಿಕೆಯಾದ ಸುಮಾರು 50,000 ನಂಬರ್‌ಗಳ ಪಟ್ಟಿಯಲ್ಲಿ ಇವೂ ಇದ್ದವು. ಅಷ್ಟೇ.

ಹಾಗಂತ ಪಟ್ಟಿಯನ್ನೇ ತಳ್ಳಿಹಾಕೋಕಾಗಲ್ಲ. ಅದಕ್ಕೆ ಸಂಬಂಧಿಸಿದ 67 ಫೋನ್‌ಗಳನ್ನು ಆಮ್ನೆಸ್ಟಿ ಲ್ಯಾಬ್ ಪರೀಕ್ಷಿಸಿದಾಗ 37ರಲ್ಲಿ ಪೆಗಾಸಸ್ ಕುರುಹು ಸಿಕ್ಕಿತ್ತು. ಆದರೆ ಕರ್ನಾಟಕದ ಈ ಫೋನುಗಳ ಪರೀಕ್ಷಾ ಫಲಿತಾಂಶ ವರದಿಯಲ್ಲಿ ಇರಲೇ ಇಲ್ಲ.

ಹಾಗಾಗಿ ಪೆಗಾಸಸ್ ಒಳಹೊಕ್ಕಿತ್ತೇ, ಹೊಗಿಸಿದ್ದು ಯಾರು, ಸರ್ಕಾರ ಬಿದ್ದದ್ದಕ್ಕೂ ಇದಕ್ಕೂ ನಂಟಿತ್ತೇ, ಈ ಮೂರನ್ನೂ ಆ ವರದಿ ಸಾಬೀತು ಮಾಡಿಲ್ಲ. ತಲೆಬರಹ ಓದಿದವರು ಮಾತ್ರ ಮೂರನ್ನೂ ನಂಬಿಬಿಟ್ಟರು!